ಬೇಳೆಯ ಲೆಕ್ಕ ದಿನಸಿ ಚೀಟಿಯಲ್ಲಿದೆ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಚೇರಿಯಲ್ಲಿ ಗುಮಾಸ್ತ, ಸಸ್ಯಾಹಾರಿ, ತೂಕ 60 ಕಿಲೊ. ಆರು ತಿಂಗಳಿಂದ ಸಂಜೆ ಹೊತ್ತು ವ್ಯಾಯಾಮಶಾಲೆಯಲ್ಲಿ ಭಾರ ಎತ್ತುತ್ತಿದ್ದಾನೆ. “ಸಾರ್, ದಿನಾ ಎರಡು ಹೊತ್ತು ಬೇಳೆ ಸಾರು ತಿಂತೀನಿ. ಆದರೂ ತೋಳು ದಪ್ಪವಾಗಲಿಲ್ಲ” ಎಂದ.

“ಮನೆಗೆ ತಿಂಗಳಿಗೆ ಎಷ್ಟು ಬೇಳೆ ತರ್ತೀಯಪ್ಪ?” ಎಂದು ಕೇಳಿದೆ. ನಾಲ್ಕು ಜನಕ್ಕೆ ಮೂರು ಕಿಲೊ. ಅಂದರೆ ಒಬ್ಬರಿಗೆ ದಿನಕ್ಕೆ 25 ಗ್ರಾಂ! ತೊಗರಿಬೇಳೆಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನು ಇರುತ್ತದೆ ನಿಜ. ಆದರೆ ಅದು ಒಣ ಬೇಳೆಯ ಲೆಕ್ಕ. ಬೆಂದಾಗ ಬೇಳೆ ನೀರು ಕುಡಿಯುತ್ತದೆ, ಸಾರಾದಾಗ ಇನ್ನಷ್ಟು ತೆಳುವಾಗುತ್ತದೆ. ಬಟ್ಟಲು ತುಂಬಿದರೂ ಅವನಿಗೆ ಸಿಗುತ್ತಿದ್ದುದು ಐದೂವರೆ ಗ್ರಾಂ ಮಾತ್ರ.

ಉಳಿದದ್ದನ್ನೂ ಕೂಡಿಸಿದೆವು. ಅಕ್ಕಿ, ಗೋಧಿ, ರಾಗಿ ಸೇರಿ ಸುಮಾರು 350 ಗ್ರಾಮಿನಿಂದ 30 ಗ್ರಾಂ. ಒಂದು ಬಟ್ಟಲು ಮೊಸರಿನಿಂದ ನಾಲ್ಕೂವರೆ. ಒಟ್ಟು 40. ಸಾಮಾನ್ಯ ವಯಸ್ಕರಿಗೆ ಪ್ರತಿ ಕಿಲೊ ತೂಕಕ್ಕೆ 0.83 ಗ್ರಾಂ ಬೇಕು, ಇವನಿಗೆ 50. ಕಸರತ್ತು ಮಾಡದಿದ್ದರೂ ಕೊರತೆಯೇ! ಸ್ನಾಯು ಬೆಳೆಯಲು ಕಿಲೊಗೆ 1.2ರಿಂದ 1.6 ಗ್ರಾಂ ಬೇಕು, ಅಂದರೆ ಇವನಿಗೆ 72ರಿಂದ 96. ಅದಕ್ಕಿಂತ ಹೆಚ್ಚು ತಿಂದರೆ ಸಾಮಾನ್ಯವಾಗಿ ಹೆಚ್ಚಿನ ಲಾಭವಿಲ್ಲ.

ಹೀಗೆ ಬದಲಾಯಿಸಿದೆವು. ಒಣ ಬೇಳೆ 75 ಗ್ರಾಂ, ಸಾರಿನ ಬದಲು ಗಟ್ಟಿ ತೊವ್ವೆ ಮತ್ತು ಬೆಳಿಗ್ಗೆ ಹೆಸರುಬೇಳೆ ದೋಸೆ: 16 ಗ್ರಾಂ. ಮೊಸರು ದಿನಕ್ಕೆ 400 ಗ್ರಾಂ: 12. ಕಚೇರಿಯ ಡಬ್ಬಿಯಲ್ಲಿ ಚಪಾತಿಯೊಂದಿಗೆ 100 ಗ್ರಾಂ ಪನೀರು: 18. ಧಾನ್ಯದ 30 ಸೇರಿ 76.

ಮೊಸರಿಗಿಂತ ಪನೀರಿನಲ್ಲಿ ಆರು ಪಟ್ಟು ಪ್ರೋಟೀನು ಏಕೆ? ಹಾಲು ಒಡೆದು ಹಿಂಡಿದಾಗ ನೀರು ಹೋಗಿ ಪ್ರೋಟೀನು, ಕೊಬ್ಬು ಉಳಿಯುತ್ತವೆ. ಆ ಕೊಬ್ಬು 100 ಗ್ರಾಮಿಗೆ 20 ಗ್ರಾಂ ದಾಟಬಹುದು. ಹಾಗಾಗಿ ಪನೀರನ್ನು ಕರಿಯಬೇಡಿ. ಕಡಿಮೆ ಕೊಬ್ಬಿನ ಹಾಲಿನಿಂದ ಮನೆಯಲ್ಲೇ ಮಾಡಿದರೆ ಇನ್ನೂ ಒಳ್ಳೆಯದು.

ಮೂರೂ ಬೇಕೇ ಎಂದು ಕೇಳಬಹುದು. ಅಕ್ಕಿ, ಗೋಧಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆ ಅದನ್ನು ತುಂಬುತ್ತದೆ. ಬೇಳೆಯಲ್ಲಿ ಕಡಿಮೆ ಇರುವ ಮೀಥಿಯೋನಿನ್ ಅನ್ನು ಧಾನ್ಯ ಒದಗಿಸುತ್ತದೆ. ಹಾಲಿನ ಪ್ರೋಟೀನಿನಲ್ಲಿ ಎರಡೂ ಸಾಕಷ್ಟಿವೆ. ಎಲ್ಲವನ್ನೂ ರಾತ್ರಿಗೇ ಇಡದೆ ಮೂರು ಹೊತ್ತಿಗೂ ಹಂಚಿಕೊಳ್ಳುವುದು ಮೇಲು.

ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಪ್ರಮಾಣಕ್ಕೆ ಹೋಗಬಾರದು.

ವಿದ್ಯಾರ್ಥಿಗಳೇ, ಈ ತಿಂಗಳ ದಿನಸಿ ಚೀಟಿ ತೆಗೆದು, ಬೇಳೆಯ ತೂಕವನ್ನು ಮನೆಮಂದಿಯ ಸಂಖ್ಯೆಯಿಂದಲೂ 30ರಿಂದಲೂ ಭಾಗಿಸಿ. ಬಂದ ಉತ್ತರವನ್ನು ಅಮ್ಮನಿಗೂ ತೋರಿಸಿ.