ವಂತಿಗೆ ಮನವಿಯಲ್ಲಿ ಲೆಕ್ಕದ ಮಾತು
ಬಡಾವಣೆಯ ಗಣೇಶೋತ್ಸವಕ್ಕೆ ವಂತಿಗೆ ಕೇಳುವ ಮನವಿಪತ್ರದಲ್ಲಿ ಮೊದಲು ಬರಬೇಕಾದದ್ದು ಕಳೆದ ವರ್ಷದ ಉಳಿಕೆ. ಬಹುತೇಕ ಪತ್ರಗಳು ಬಿಡುವುದೂ ಇದನ್ನೇ. ಈ ವರ್ಷದ ಅಂದಾಜು ಖರ್ಚು 60,000 ರೂಪಾಯಿ, ಕೈಯಲ್ಲಿರುವ ಉಳಿಕೆ 8,000 ಎಂದಾದರೆ ಕೇಳಬೇಕಾದ ಮೊತ್ತ 52,000. ಪೆಂಡಾಲು, ಮೂರ್ತಿ, ಧ್ವನಿವರ್ಧಕ, ಪ್ರಸಾದ, ವಿಸರ್ಜನೆಯ ವಾಹನ ಎಂದು ಅಂದಾಜನ್ನು ಬಿಡಿಸಿ ಬರೆದರೆ ಕೊಡುವವರಿಗೆ ಹಣದ ದಾರಿ ಕಾಣುತ್ತದೆ. ಮುಂದಿನ ಸಾಲು ರಸೀದಿಯದು: “ಪ್ರತಿ ವಂತಿಗೆಗೂ ಕ್ರಮಸಂಖ್ಯೆಯಿರುವ ರಸೀದಿ ಕೊಡಲಾಗುವುದು; ಯುಪಿಐ ಹಣ ಸಮಿತಿಯ ಖಾತೆಗೇ ಸೇರುವುದು.” ವ್ಯಕ್ತಿಯೊಬ್ಬರ ಖಾತೆಯ ಕ್ಯೂಆರ್ ಕೋಡ್ ಅಚ್ಚಾದರೆ ಅವರ ಮನೆಖರ್ಚು, ಹಬ್ಬದ ಹಣ ಬೆರೆತು, ಪ್ರಾಮಾಣಿಕರೂ ಲೆಕ್ಕ ಒಪ್ಪಿಸಲಾರದ ಸ್ಥಿತಿ ಬರುತ್ತದೆ. ಲೆಕ್ಕ ಹೆಚ್ಚಾಗಿ ತಪ್ಪುವುದು ವಸೂಲಾದ ನಗದಿನಿಂದಲೇ ಹೂವಿನವರಿಗೋ ವಾದ್ಯದವರಿಗೋ ನೇರವಾಗಿ ಕೊಟ್ಟಾಗ. ಆಗ ಜಮೆ, ಖರ್ಚು ಎರಡೂ ಪುಸ್ತಕಕ್ಕೆ ಬರುವುದಿಲ್ಲ. ರಸೀದಿಗಳ ಸ್ಥಳಪ್ರತಿಗಳ ಮೊತ್ತಕ್ಕೆ ಹಳೆಯ ಉಳಿಕೆ ಸೇರಿಸಿ, ಬಿಲ್ಲುಗಳ ಮೊತ್ತ ಕಳೆದರೆ, ಖಾತೆಯಲ್ಲೂ ಕೈಯಲ್ಲೂ ಇರುವ ಹಣಕ್ಕೆ ಅದು ಸರಿಹೊಂದಬೇಕು. ಹೊಂದದಿದ್ದರೆ ಎಲ್ಲೋ ಒಂದು ಚೀಟಿ ತಪ್ಪಿದೆ. ಬಳಸದ ರಸೀದಿ ಪುಸ್ತಕಗಳನ್ನೂ ಹಿಂದಕ್ಕೆ ಪಡೆದು ಎಣಿಸುವುದು ಅಷ್ಟೇ ಅಗತ್ಯ. ಅಕ್ಕಿ, ಬೆಲ್ಲ, ಎಣ್ಣೆಯ ರೂಪದಲ್ಲಿ ಬಂದದ್ದನ್ನು ಬೆಲೆ ಕಟ್ಟದೆ, ತೂಕ ಸಹಿತ ಬೇರೆ ಪಟ್ಟಿಯಲ್ಲಿ ಬರೆದರೆ ಸಾಕು. “ಲೆಕ್ಕವನ್ನು ನಂತರ ತಿಳಿಸಲಾಗುವುದು” ಎಂಬ ಸಾಲು ಯಾರನ್ನೂ ಯಾವುದಕ್ಕೂ ಬದ್ಧಗೊಳಿಸುವುದಿಲ್ಲ. ಅದರ ಜಾಗದಲ್ಲಿ ಹೀಗಿರಬೇಕು: “ವಿಸರ್ಜನೆಯಾದ 15 ದಿನಗಳೊಳಗೆ ಜಮಾ-ಖರ್ಚಿನ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಲಾಗುವುದು, ಮೂಲ ಬಿಲ್ಲುಗಳನ್ನು ಮುಂದಿನ ಭಾನುವಾರದ ಸಭೆಯಲ್ಲಿ ಯಾರು ಬೇಕಾದರೂ ನೋಡಬಹುದು, ಉಳಿದ ಹಣ ಮುಂದಿನ ವರ್ಷದ ಲೆಕ್ಕಕ್ಕೆ ಸೇರುವುದು.”