ಉಪನ್ಯಾಸಕರು ಬರುವವರೆಗೆ



ಮಾಸಿಕ ಶಿವಾನುಭವ ಗೋಷ್ಠಿಗೆ ಕರೆದ ಉಪನ್ಯಾಸಕರು ತಡವಾಗಿ ಬರುವುದು ನಮ್ಮ ಮಠಗಳಲ್ಲಿ ಹೊಸ ಸಂಗತಿಯಲ್ಲ. ಕಾಲೇಜು ಮುಗಿಸಿಕೊಂಡು ದೂರದಿಂದ ಹೊರಡುತ್ತಾರೆ. ದಾರಿಯಲ್ಲಿ ರೈಲ್ವೆ ಗೇಟು ಹಾಕಿರುತ್ತದೆ, ಇಲ್ಲವೇ ರಸ್ತೆ ಕಾಮಗಾರಿ ನಡೆದಿರುತ್ತದೆ. ಅದಕ್ಕೆ ಅವರನ್ನು ದೂರುವಂತಿಲ್ಲ. ಆದರೆ ಅವರು ಬರುವವರೆಗಿನ ಆ 20 ನಿಮಿಷದಲ್ಲಿ ವೇದಿಕೆಯ ಮೇಲೆ ಏನು ನಡೆಯಬೇಕೆಂಬುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.

ಸಾಮಾನ್ಯವಾಗಿ ನಡೆಯುವುದು ಇಷ್ಟೇ. ಮೊದಲು "ಇನ್ನೇನು ಬಂದೇ ಬಿಟ್ಟರು" ಎನ್ನುತ್ತೇವೆ. ಆಮೇಲೆ ದಾನಿಗಳ ಹೆಸರನ್ನು ಎರಡನೆಯ ಸಲ ಓದುತ್ತೇವೆ. ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರೊಬ್ಬರನ್ನು ಮೇಲೆ ಕರೆದು ಶಾಲು ಹೊದಿಸುತ್ತೇವೆ, ಅವರು ನಾಲ್ಕು ಮಾತಾಡುತ್ತಾರೆ. ಉಪನ್ಯಾಸಕರು ಬರುವ ಹೊತ್ತಿಗೆ ಅನುಭಾವದ ಗೋಷ್ಠಿ ಸನ್ಮಾನ ಸಮಾರಂಭವಾಗಿರುತ್ತದೆ. ವಿಷಯಕ್ಕೆ ಉಳಿಯುವುದು ಅರ್ಧ ತಾಸು. ದಿನವಿಡೀ ದುಡಿದು ಬಂದ ಕಾಯಕಜೀವಿಗಳು, ಕೊನೆಯ ಬಸ್ಸು ಹಿಡಿಯಬೇಕಾದ ತಾಯಂದಿರು ಆ ಅರ್ಧ ತಾಸಿನಲ್ಲೂ ಎದ್ದು ಹೋಗುತ್ತಾರೆ. ಮೇಲು ಕೀಳಿಲ್ಲದೆ ಕೂಡಿ ಕುಳಿತು ಮಾತನಾಡುವುದಕ್ಕೆಂದೇ ಹುಟ್ಟಿದ ಗೋಷ್ಠಿಯಲ್ಲಿ, ಯಾರು ಗಣ್ಯರು ಯಾರು ಸಾಮಾನ್ಯರು ಎಂಬ ವಿಂಗಡಣೆ ಮಾತ್ರ ಅಚ್ಚುಕಟ್ಟಾಗಿ ಮುಗಿದಿರುತ್ತದೆ.

ಈ ಹೊತ್ತಿಗೆ ತಕ್ಕದ್ದು ವಿಷಯದ ಚಿಕ್ಕ ಪೀಠಿಕೆ. ನಿರೂಪಕರೇ ನಿಂತಲ್ಲಿಯೇ ಅದನ್ನು ಆಡಬೇಕು. ಅದು ಕಾಲಹರಣದಂತೆ ಕೇಳಿಸದಿರಬೇಕಾದರೆ ಅದರೊಳಗೆ ಎರಡೇ ವಸ್ತುಗಳಿರಲಿ: ಒಬ್ಬ ಶರಣರ ಬದುಕಿನ ಒಂದು ಪ್ರಸಂಗ, ಅದರಿಂದ ಏಳುವ ಒಂದು ಪ್ರಶ್ನೆ. ಉತ್ತರವನ್ನು ಮಾತ್ರ ಹೇಳಬಾರದು. ಅದು ಉಪನ್ಯಾಸಕರ ಪಾಲು.

ಒಂದು ಉದಾಹರಣೆಯನ್ನೇ ನೋಡೋಣ. ಗೋಷ್ಠಿಯ ವಿಷಯ "ಕಾಯಕ ಮತ್ತು ದಾಸೋಹ" ಎಂದಿಟ್ಟುಕೊಳ್ಳಿ. ಸಂಜೆ 6.30ಕ್ಕೆ ಪ್ರಾರ್ಥನೆ, 6.45ಕ್ಕೆ ಉಪನ್ಯಾಸ, 8ಕ್ಕೆ ಪ್ರಸಾದ. ಸ್ವಾಗತ ಮುಗಿದರೂ ಉಪನ್ಯಾಸಕರ ಸುಳಿವಿಲ್ಲ. ಮೊದಲ ಕೆಲಸ ಫೋನು. "ಎಷ್ಟು ಹೊತ್ತಾಗುತ್ತದೆ" ಎಂದು ಕೇಳಬೇಡಿ. ಎಲ್ಲರೂ "ಐದು ನಿಮಿಷ" ಎಂದೇ ಹೇಳುತ್ತಾರೆ. "ಎಲ್ಲಿದ್ದೀರಿ" ಎಂದು ಕೇಳಿ. ಊರಿನ ಹೆಸರು ತಿಳಿದರೆ ದಾರಿ ಗೊತ್ತಿರುವ ನಾವೇ ಲೆಕ್ಕ ಹಾಕಬಹುದು. 12 ಕಿಲೋಮೀಟರ್ ಉಳಿದಿದೆ, ದಾರಿ ಕೆಟ್ಟಿದೆ ಎಂದರೆ 25 ನಿಮಿಷ ಹಿಡಿಯಿರಿ.

ಎರಡನೆಯದು, ಆ ಮಾತನ್ನು ಸಭೆಗೆ ಒಂದೇ ಸಲ, ಇದ್ದಂತೆ ಹೇಳಿಬಿಡುವುದು: "ಉಪನ್ಯಾಸಕರು ದಾರಿಯಲ್ಲಿದ್ದಾರೆ, 7.10ರ ಸುಮಾರಿಗೆ ತಲುಪುತ್ತಾರೆ. 8ಕ್ಕೆ ಗೋಷ್ಠಿ ಮುಗಿಯುತ್ತದೆ." ಮುಗಿಯುವ ಹೊತ್ತು ಹೇಳಿದರೆ ಜನರ ಅರ್ಧ ಚಡಪಡಿಕೆ ಅಲ್ಲಿಯೇ ಇಳಿಯುತ್ತದೆ. ಆಮೇಲೆ ಕ್ಷಮೆ ಕೇಳುವುದು, ಬಾಗಿಲ ಕಡೆ ನೋಡುವುದು, ಗಡಿಯಾರ ನೋಡಿಕೊಳ್ಳುವುದು ಯಾವುದೂ ಬೇಡ. ನಿರೂಪಕರ ಕಣ್ಣು ಬಾಗಿಲಿಗೆ ಹೋದರೆ ಸಭೆಯ ಕುತ್ತಿಗೆಗಳೆಲ್ಲ ಅತ್ತ ತಿರುಗುತ್ತವೆ. ಆ ಕ್ಷಣದಿಂದ ನಮ್ಮ ಮಾತು ತೂತು ಮುಚ್ಚುವ ತೇಪೆಯಾಗುತ್ತದೆ.

ವಚನ ಗಾಯನ ಮಾಡುವವರಿದ್ದರೆ ವಿಷಯಕ್ಕೆ ಹೊಂದುವ ಎರಡು ವಚನ ಹಾಡಿಸಿ. ಅದಕ್ಕೆ ಸುಮಾರು 10 ನಿಮಿಷ. ಬಳಿಕ ಪೀಠಿಕೆ, ಹೆಚ್ಚೆಂದರೆ 7 ನಿಮಿಷ. ಅದು ಹೀಗಿರಬಹುದು:

"ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಶರಣೆ ಲಕ್ಕಮ್ಮನವರು ಅದನ್ನು ಬೇಯಿಸಿ ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದರು. ನಮ್ಮ ಮನೆಯಲ್ಲಾದರೆ ಡಬ್ಬಿ ತುಂಬಿತೆಂದು ಸಂತೋಷಪಡುತ್ತಿದ್ದೆವು. ಆದರೆ ಆ ಅಕ್ಕಿ ಮಾರಯ್ಯನವರ ಸ್ವಂತಕ್ಕೆ ಬಂದದ್ದಲ್ಲ, ದಾಸೋಹಕ್ಕೆ ಬಂದದ್ದು. ಹೆಚ್ಚು ಅಕ್ಕಿಯಿದ್ದರೆ ಹೆಚ್ಚು ಜನರಿಗೆ ಉಣಿಸಬಹುದಿತ್ತು. ಹಾಗಿದ್ದೂ ಲಕ್ಕಮ್ಮನವರು ಏಕೆ ಬೇಡವೆಂದರು? ದಾಸೋಹ ದೊಡ್ಡದಾದಷ್ಟೂ ಒಳ್ಳೆಯದೆಂಬ ನಮ್ಮ ಎಣಿಕೆಗೂ ಅವರ ಎಣಿಕೆಗೂ ಎಲ್ಲಿ ವ್ಯತ್ಯಾಸ? ಇವತ್ತಿನ ಉಪನ್ಯಾಸದಲ್ಲಿ ಇದನ್ನು ಹುಡುಕೋಣ."

ಇಷ್ಟನ್ನು ನಿಧಾನವಾಗಿ ಆಡಿದರೆ ಮೂರು ನಿಮಿಷ. ಮಿಕ್ಕ ನಾಲ್ಕು ನಿಮಿಷದಲ್ಲಿ ಆ ಪ್ರಶ್ನೆಯನ್ನು ನಮ್ಮೂರಿಗೆ ತರಬಹುದು. ಜಾತ್ರೆಯ ದಾಸೋಹಕ್ಕೆ ಬರುವ ಅಕ್ಕಿ ಮೂಟೆಗಳಲ್ಲಿ ಯಾವುದು ದುಡಿಮೆಯದು, ಯಾವುದು ಹೆಸರಿಗಾಗಿ ಬಂದದ್ದು ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೇ ಎಂದು ಕೇಳಬಹುದು. ಯಾರ ಹೆಸರನ್ನೂ ಹೇಳಬೇಕಿಲ್ಲ.

ಇಲ್ಲಿ ಗಮನಿಸಬೇಕಾದ್ದು ಈ ಮಾತಿನ ಕಟ್ಟಡ. ಪ್ರಸಂಗ ಮೊದಲು ಬಂದಿದೆ, ಪ್ರಶ್ನೆ ಬೇಗ ಬಂದಿದೆ. ಆದ್ದರಿಂದ ಮೂರನೆಯ ನಿಮಿಷದ ನಂತರ ಯಾವ ವಾಕ್ಯದ ಕೊನೆಯಲ್ಲಿ ಬೇಕಾದರೂ ನಿಲ್ಲಿಸಬಹುದು. ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಂಡವರು ಉಪನ್ಯಾಸಕರು ಬಾಗಿಲಲ್ಲಿ ನಿಂತಿದ್ದರೂ ಎಳೆಯುತ್ತಲೇ ಇರಬೇಕಾಗುತ್ತದೆ. ಕಾಯಕವೆಂದರೇನು, ದಾಸೋಹವೆಂದರೇನು ಎಂದು ವ್ಯಾಖ್ಯಾನಕ್ಕೆ ಕೈಹಾಕಿದವರ ಪಾಡು ಇನ್ನೂ ಕಷ್ಟ. ಉಪನ್ಯಾಸಕರು ಬಂದು ಅದನ್ನೇ ಮತ್ತೆ ಹೇಳಬೇಕು, ಇಲ್ಲವೇ ಅದನ್ನು ತಿದ್ದಬೇಕು. "ಈಗಾಗಲೇ ಹೇಳಿದಂತೆ" ಎಂದು ಅವರು ಮೇಲಿಂದ ಮೇಲೆ ಅನ್ನತೊಡಗಿದರೆ, ನಾವು ಅವರ ಎಲೆಯ ಪ್ರಸಾದವನ್ನು ಮೊದಲೇ ಉಂಡಿದ್ದೇವೆ ಎಂದು ತಿಳಿಯಬೇಕು.

ಪೀಠಿಕೆ ಮುಗಿದರೂ ಅವರು ಬಾರದಿದ್ದರೆ ಇನ್ನೊಂದು ಕಥೆ ತೆಗೆಯಬೇಡಿ. 10 ನಿಮಿಷ ದಾಟಿದ ಪೀಠಿಕೆ ಭಾಷಣವೇ ಆಗುತ್ತದೆ. ಪ್ರಶ್ನೆಯನ್ನು ಸಭೆಗೇ ಕೊಡಿ. ಪಕ್ಕದವರೊಡನೆ ಎರಡು ನಿಮಿಷ ಮಾತಾಡಲಿ, ಬಳಿಕ ಇಬ್ಬರು ಮೂವರು ಎದ್ದು ಹೇಳಲಿ. ಹಿಂದಿನ ಸಾಲಿನಿಂದ, ಅದರಲ್ಲೂ ತಾಯಂದಿರ ಕಡೆಯಿಂದ ಮೊದಲು ಕರೆಯಿರಿ. ಪ್ರಭುದೇವರಿದ್ದ ಅನುಭವ ಮಂಟಪವನ್ನು ಶೂನ್ಯಸಂಪಾದನೆ ನಮಗೆ ಕಟ್ಟಿಕೊಡುವುದು ಪ್ರಶ್ನೋತ್ತರದ ರೂಪದಲ್ಲಿ. ಹಾಗಾಗಿ ಇದು ಬದಲಿ ವ್ಯವಸ್ಥೆಯಲ್ಲ, ಗೋಷ್ಠಿಯ ಮೂಲ ರೀತಿಯೇ. 7.30 ದಾಟಿದರೂ ಅವರು ತಲುಪದಿದ್ದರೆ ಉಪನ್ಯಾಸ ಇವತ್ತು ಇಲ್ಲವೆಂದು ಹೇಳಿ, ಈ ಸಂವಾದವನ್ನೇ 8ರವರೆಗೆ ನಡೆಸುವುದು ಪ್ರಾಮಾಣಿಕ ದಾರಿ.

ಅವರು ಬಂದಾಗ ಮೊದಲು ಕೂರಿಸಿ ನೀರು ಕೊಡಿ. "ನಿಮಗಾಗಿಯೇ ಕಾಯುತ್ತಿದ್ದೆವು" ಎಂದು ಮೈಕಿನಲ್ಲಿ ಹೇಳಿದರೆ ಅವರ ಮೊದಲ ಐದು ನಿಮಿಷ ದಾರಿಯ ಕಥೆಗೆ, ಕ್ಷಮೆಗೆ ಹೋಗುತ್ತದೆ. ಬದಲಿಗೆ, "ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಏಕೆ ಹಿಂದಿರುಗಿಸಿದರು ಎಂದು ನಾವು ಕೇಳಿಕೊಳ್ಳುತ್ತಿದ್ದೆವು. ಇಬ್ಬರು ಇಂಥ ಉತ್ತರ ಕೊಟ್ಟಿದ್ದಾರೆ" ಎಂದು ಎರಡೇ ವಾಕ್ಯದಲ್ಲಿ ಒಪ್ಪಿಸಿ ಕುಳಿತುಬಿಡಿ. ಸಿದ್ಧಪಡಿಸಿದ ಉಪನ್ಯಾಸವನ್ನು ಅಲ್ಲಿಂದ ಶುರುಮಾಡುವುದೋ ಬೇರೆ ಕಡೆಯಿಂದಲೋ ಎಂಬುದು ಅವರ ಇಷ್ಟ.

ಇದೆಲ್ಲ ನಿಂತಲ್ಲಿ ಹೊಳೆಯುವುದಿಲ್ಲ ಎನ್ನುವವರಿದ್ದಾರೆ. ಹೊಳೆಯಬೇಕಾಗಿಯೂ ಇಲ್ಲ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ದಿನವೇ ಅದರ ಹಿಂಬದಿಯಲ್ಲಿ ವಿಷಯಕ್ಕೆ ಹೊಂದುವ ಒಂದು ಪ್ರಸಂಗ, ಒಂದು ಪ್ರಶ್ನೆ ಬರೆದಿಟ್ಟುಕೊಂಡರೆ ಸಾಕು. ಉಪನ್ಯಾಸಕರು ವೇಳೆಗೆ ಸರಿಯಾಗಿ ಬಂದರೆ ಆ ಚೀಟಿ ಜೇಬಿನಲ್ಲೇ ಉಳಿಯಲಿ. ಅದನ್ನು ಓದಲೇಬೇಕೆಂಬ ಹಟ ಬೇಡ.