‘ಭಾರೀ ಸೆಕೆ’ ಎಂದ ಮೇಲೆ ಏನು ಮಾತಾಡುವುದು?

ಕಂಪೆನಿ ಬಸ್ಸಿನಲ್ಲಿ, ಕ್ಯಾಂಪಿನ ಅಡುಗೆಕೋಣೆಯಲ್ಲಿ, ಟೈಪಿಂಗ್ ಸೆಂಟರಿನ ಸಾಲಿನಲ್ಲಿ ನಾವು ದಿನಾ ಹೇಳುವ ಮಾತು ಒಂದೇ: "ಇವತ್ತು ಭಾರೀ ಸೆಕೆ." ಎದುರಿನವರು "ಹೌದು" ಅನ್ನುತ್ತಾರೆ. ಅಲ್ಲಿಗೆ ಇಬ್ಬರೂ ಮೊಬೈಲಿಗೆ ತಲೆ ಬಗ್ಗಿಸಿದರೆ ಮುಗಿಯಿತು. ಮೂರು ವರ್ಷ ಒಂದೇ ಬಸ್ಸಿನಲ್ಲಿ ಹೋದರೂ ಪಕ್ಕದ ಸೀಟಿನವನ ಊರು ಗೊತ್ತಿರುವುದಿಲ್ಲ.

ಇದರಲ್ಲಿ ನಷ್ಟವೇನು? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನ ಬರೆದರು. ಆ ಸುದ್ದಿ ಹೆಚ್ಚಿನವರಿಗೆ ಬಂದದ್ದು ದಿನಾ ಸಿಗುವ ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರಿಂದ. ಕಾರಣ ಸರಳ. ನಮ್ಮ ರೂಮಿನವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಬೇರೆ ಕಂಪೆನಿಯ, ಬೇರೆ ದೇಶದ ಮನುಷ್ಯನಿಗೆ ಬೇರೆ ಸುದ್ದಿ ಗೊತ್ತಿರುತ್ತದೆ. ವೀಸಾ ರದ್ದಾಗುವ ಹೊತ್ತಿಗೆ ಹೊಸದಾಗಿ ಪರಿಚಯ ಮಾಡಿಕೊಳ್ಳಲು ಹೊರಟರೆ ಅದು ತಡವಾಯಿತು.

ಹವೆಯ ಮಾತು ತಪ್ಪಲ್ಲ, ಅಲ್ಲಿಂದಲೇ ಶುರು ಮಾಡಬಹುದು. ಆದರೆ ಅದಕ್ಕೆ ನಮ್ಮದೊಂದು ಸಣ್ಣ ಸಂಗತಿ, ಅವರಿಗೊಂದು ಪ್ರಶ್ನೆ ಸೇರಿಸಬೇಕು. ಜುಲೈ ತಿಂಗಳು, ಪಕ್ಕದಲ್ಲಿ ಮುಲ್ತಾನಿನ ಡ್ರೈವರ್ ಇದ್ದಾನೆ ಅಂತಿಟ್ಟುಕೊಳ್ಳಿ. "ಭಾಯಿ, ಇಲ್ಲಿ ಈ ಸೆಕೆ, ನಮ್ಮೂರಲ್ಲಿ ಈಗ ಜಡಿಮಳೆ. ನಿಮ್ಮಲ್ಲಿ ಈ ತಿಂಗಳು ಹೇಗೆ?" ಎಂದು ಕೇಳಿದರೆ ಬರೀ ‘ಹೌದು’ ಎಂದು ಮುಗಿಸಲು ಆಗುವುದಿಲ್ಲ. "ನಮ್ಮಲ್ಲೂ ಉರಿಬಿಸಿಲು. ಆದರೆ ಮಾವಿನ ಕಾಲ, ಮನೆಯವರೆಲ್ಲ ತೋಟದಲ್ಲೇ" ಅನ್ನುತ್ತಾನೆ. ನಾವು ಕೇಳಿದ್ದು ಹವೆ. ಮಾವು, ತೋಟ ಅವನೇ ಸೇರಿಸಿದ್ದು. ಕೇಳದೆಯೂ ಹೇಳಿದ ಆ ಮಾತಿನಲ್ಲೇ ಅವನ ಮನಸ್ಸಿರುವುದು, ಮುಂದಿನ ಪ್ರಶ್ನೆ ಅಲ್ಲಿಂದಲೇ ಬರಬೇಕು: "ಚೌಂಸಾ ಮಾವಾ? ನಮ್ಮ ಮಂಗಳೂರು ಕಡೆ ಮುಂಡಪ್ಪ. ನಿಮ್ಮಲ್ಲಿ ಕಸಿ ಕಟ್ಟುವುದು ಯಾರು?" ಊರಲ್ಲಿ ನಿಮಗೂ ಗಿಡದ ಹುಚ್ಚಿದ್ದರೆ ಇನ್ನು ಮಾತಿಗೆ ಬರವಿಲ್ಲ. ಹಿಂದಿ ಹರಕುಮುರುಕಾದರೂ ನಡೆಯುತ್ತದೆ.

ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರೆ ಮಾತ್ರ ವಿಚಾರಣೆಯಂತಾಗುತ್ತದೆ. ಒಂದು ಕೇಳಿದರೆ ನಮ್ಮದೂ ಒಂದು ಹೇಳಬೇಕು. ಸಂಬಳ, ಸಾಲ, ಮಕ್ಕಳಿಲ್ಲದ ವಿಷಯ, ಎರಡು ದೇಶಗಳ ಜಗಳ ನಾವಾಗಿ ಎತ್ತುವುದು ಬೇಡ. ಎರಡು ಸಲ ಒಂದೇ ಶಬ್ದದ ಉತ್ತರ ಬಂದು, ಅವರಿಂದ ಪ್ರಶ್ನೆ ಬಾರದೆ, ಕಣ್ಣು ಫೋನಿಗೆ ಹೋದರೆ ಅಲ್ಲಿಗೆ ನಿಲ್ಲಿಸಿ. ಹನ್ನೆರಡು ಗಂಟೆ ದುಡಿದು ಬಂದವನಿಗೆ ನಿದ್ದೆ ಬೇಕಿರಬಹುದು, ಅದು ಸಿಟ್ಟಲ್ಲ. ನಾಳೆ ಸಲಾಂ ಹೇಳಿದರೆ ಸಾಕು.

ಮಾತು ಹಿಡಿದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ಮುಂದಿನ ವಾರ ಅದೇ ಡ್ರೈವರ್ ಸಿಕ್ಕಾಗ ಸೆಕೆಯ ಮಾತು ಬಿಟ್ಟು, "ತೋಟದ ಫಸಲು ಮಾರಾಟವಾಯಿತಾ?" ಎಂದು ಕೇಳಿ.